ಜೆಲ್ಲಿ ಲೋಡ್ ಆಗುವ ಮೊದಲು ಕಲ್ಲಿನ ಟೆಸ್ಟ್ ಆಗಲಿ: ಕ್ವಾರಿ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಯಜಮಾನರಿಗೆ ನಮಸ್ಕಾರ.

ನಿಮ್ಮ ಕ್ವಾರಿಯಿಂದ ಹೆದ್ದಾರಿ ಕೆಲಸಕ್ಕೆ ಜೆಲ್ಲಿ ಕೊಡುವ ಮಾತುಕತೆ ನಡೆದಿದೆ ಎಂದಿರಿ. ಕಲ್ಲು ರಸ್ತೆಗೆ ಆಗುತ್ತೋ ಇಲ್ವೋ, ನನ್ನ ಅಭಿಪ್ರಾಯ ಬರೆದು ಕೊಡಿ ಎಂದೂ ಕೇಳಿದಿರಿ. ಹೆಸರು, ಊರು ಬಿಟ್ಟು ಎಲ್ಲರೂ ಓದುವ ಹಾಗೆ ಬರೆಯುತ್ತೇನೆ ಎಂದಾಗ ನೀವು ಬೇಡ ಎನ್ನಲಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬಹಳಷ್ಟು ಕ್ವಾರಿಗಳ ಕಲ್ಲು ನಿಮ್ಮ ಕಲ್ಲಿನ ಜಾತಿಯದ್ದೇ. ಆ ಮಾಲೀಕರಿಗೂ, ಅವರಿಂದ ಜೆಲ್ಲಿ ಕೊಳ್ಳುವ ಕಂಟ್ರಾಕ್ಟರುಗಳಿಗೂ ಇದು ಬೇಕಾದ ವಿಷಯ.

ನನ್ನ ಸಲಹೆ ಚಿಕ್ಕದು. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದೀರಲ್ಲ, ಆ ಒಂದೊಂದು ಬೆಂಚಿನ ಕಲ್ಲನ್ನೂ ಬೇರೆಬೇರೆಯಾಗಿ ಟೆಸ್ಟ್ ಮಾಡಿಸಿ. ಆ ರಿಪೋರ್ಟ್ ಬರುವವರೆಗೆ ರಸ್ತೆಗೆ ಅಂತ ಒಂದು ಲೋಡೂ ಮಾರಬೇಡಿ. ಯಾಕೆ ಎಂಬುದಕ್ಕೆ ಮಾತ್ರ ಸ್ವಲ್ಪ ಉದ್ದ ಬರೆಯಬೇಕಾಗಿದೆ.

ಮೊದಲು ನಿಮ್ಮ ಹತ್ತಿರ ಈಗಾಗಲೇ ಇರುವ ರಿಪೋರ್ಟಿನ ಮಾತು. ಹಿಂದೆ ಸೈಜುಗಲ್ಲು ಮಾರುವಾಗ ಮಾಡಿಸಿದ ಕ್ಯೂಬ್ ಟೆಸ್ಟ್ ಅದು. ಒಳ್ಳೆಯ ಅಂಕಿಯೇ ಬಂದಿದೆ. ಆ ಅಂಕಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಆ ಕ್ಯೂಬ್ ಹೇಗೆ ಬಂತು ನೋಡಿ. ಬಿರುಕಿಲ್ಲದ ಒಂದು ದಿಮ್ಮಿಯನ್ನು ಆರಿಸಿ, ಅದರೊಳಗಿನ ಗಟ್ಟಿ ಭಾಗವನ್ನು ಕೊಯ್ದು, ನಯ ಮಾಡಿ, ಯಂತ್ರದಲ್ಲಿ ನಿಧಾನವಾಗಿ ಒತ್ತಿದ್ದಾರೆ. ಕೊಯ್ಯುವಾಗಲೇ ಒಡೆದುಹೋದ ಕಲ್ಲು ಆ ಲೆಕ್ಕಕ್ಕೆ ಬಂದೇ ಇಲ್ಲ. ಕ್ರಷರಿಗೆ ಹೋಗುವುದು ಮಾತ್ರ ಎಲ್ಲವೂ. ದಿಮ್ಮಿಗೆ ಆಗದ್ದು, ಬಿರುಕು ಬಿಟ್ಟದ್ದು, ಮೇಲಿನ ಕಂದು ಕಲ್ಲು, ಎಲ್ಲ ಒಂದೇ ಹಾಪರಿಗೆ ಬೀಳುತ್ತದೆ. ಮನೆಯ ಪಾಯಕ್ಕೆ ಹಾಕಿದ ಕಲ್ಲು ಸುಮ್ನೆ ಭಾರ ಹೊತ್ತು ಕೂರುತ್ತದೆ. ರಸ್ತೆಯ ಜೆಲ್ಲಿಗೆ ಹಾಗಲ್ಲ. ಮೊದಲು ರೋಲರಿನ ಕಂಪನ, ಆಮೇಲೆ ವರ್ಷಗಟ್ಟಲೆ ಲಾರಿ ಚಕ್ರಗಳ ಹೊಡೆತ, ಜೊತೆಗೆ ಪಕ್ಕದ ಜೆಲ್ಲಿಯ ಉಜ್ಜಾಟ. ಅದಕ್ಕೇ ಜೆಲ್ಲಿಗೆ ಬೇರೆಯದೇ ಪರೀಕ್ಷೆಗಳಿವೆ.

ಇನ್ನು ನಿಮ್ಮ ಗುಡ್ಡದ ವಿಚಾರ. ಇಲ್ಲಿರುವುದು ನೈಸ್ ಕಲ್ಲು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಕೂಡ ಇದೇ ಜಾತಿ. ಸುಮಾರು 300 ಕೋಟಿ ವರ್ಷ ಹಳೆಯದು. ಬೆಳ್ಳಗಿನ ಪಟ್ಟೆಗಳಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಇವೆ, ಕಪ್ಪು ಪಟ್ಟೆಗಳಲ್ಲಿ ಬಯೊಟೈಟ್ ಎಂಬ ಕರಿಯ ಕಾಗೆಬಂಗಾರ ಜಾಸ್ತಿ. ಹೊಸದಾಗಿ ಒಡೆದಾಗ ಬೂದು ಬಣ್ಣ, ಗಟ್ಟಿ ಕಲ್ಲು. ತೊಂದರೆ ಇರುವುದು ಮೇಲ್ಭಾಗದಲ್ಲಿ. ಬಿರುಕುಗಳೊಳಗೆ ಮಳೆನೀರು ಇಳಿದೂ ಇಳಿದೂ ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಯಾಗುತ್ತದೆ, ಬಯೊಟೈಟಿನ ಕಬ್ಬಿಣ ತುಕ್ಕು ಹಿಡಿದು ಕಲ್ಲಿಗೆ ಕಂದು ಬಣ್ಣ ಬರುತ್ತದೆ. ಈ ಕಲ್ಲು ನೋಡಲು ಕಲ್ಲೇ. ಬ್ಲಾಸ್ಟ್ ಮಾಡಿದರೇ ಒಡೆಯುವುದು. ಕ್ರಷರಿನಿಂದ ಹೊರಬಂದಾಗ ಜೆಲ್ಲಿಯ ಆಕಾರವೂ ಚೆನ್ನಾಗಿರುತ್ತದೆ. ಆದರೆ ಒಳಗೆ ಕಣಕಣಗಳ ನಡುವಿನ ಹಿಡಿತ ಸಡಿಲವಾಗಿರುತ್ತದೆ.

ನಿಮ್ಮ ಮೇಲಿನ ಬೆಂಚು ಹೆಚ್ಚುಕಡಿಮೆ ಪೂರ್ತಿ ಇಂಥದ್ದು. ನಡುವಿನ ಬೆಂಚು ಒಳ್ಳೆಯ ಬೂದು ಕಲ್ಲು. ಆದರೆ ದೊಡ್ಡ ಬಿರುಕುಗಳ ಅಕ್ಕಪಕ್ಕ ಕಂದು ಬಣ್ಣ ಅಲ್ಲಿಗೂ ಇಳಿದಿದೆ. ಕೆಳಗಿನ ಬೆಂಚಿನಲ್ಲಿ ಕಾಗೆಬಂಗಾರ ತುಂಬಿದ ಒಂದು ಕಪ್ಪು ಪಟ್ಟಿ ಹಾದುಹೋಗಿದೆ. ಉಗುರಿನಿಂದ ಎಬ್ಬಿದರೆ ಹಾಳೆ ಹಾಳೆಯಾಗಿ ಬರುವಷ್ಟು ಮೆತ್ತಗಿದೆ. ಪೂರ್ವದ ಮೂಲೆಯಲ್ಲಿ ಗೋಡೆಯ ಹಾಗೆ ನಿಂತಿರುವ ಕರಿಕಲ್ಲು ಡಾಲರೈಟ್ ಡೈಕು. ಒಂದೇ ಲೀಸಿನೊಳಗೆ ನಾಲ್ಕು ನಮೂನೆಯ ಕಲ್ಲು ಇದೆ ಎಂದಮೇಲೆ, "ಈ ಕ್ವಾರಿಯ ಕಲ್ಲಿನ ಶಕ್ತಿ ಇಷ್ಟು" ಎಂದು ಒಂದೇ ಅಂಕಿ ಹೇಳುವುದು ಹೇಗೆ?

ಟೆಸ್ಟಿನ ಬಗ್ಗೆ ಹೇಳುತ್ತೇನೆ. ಎಲ್ಲಕ್ಕಿಂತ ಬೇಗ ಆಗುವುದು ಇಂಪ್ಯಾಕ್ಟ್ ಟೆಸ್ಟ್. ಐಎಸ್ 2386ರ 4ನೇ ಭಾಗದಲ್ಲಿ ಇದರ ಕ್ರಮ ಇದೆ. 12.5 ಎಂಎಂ ಜರಡಿಯಲ್ಲಿ ಇಳಿದು 10 ಎಂಎಂ ಜರಡಿಯಲ್ಲಿ ನಿಂತ ಜೆಲ್ಲಿಯನ್ನು ಒಣಗಿಸಿ, ಒಂದು ಉಕ್ಕಿನ ಬಟ್ಟಲಿಗೆ ತುಂಬುತ್ತಾರೆ. ಅದರ ಮೇಲೆ ಸುಮಾರು 14 ಕಿಲೋ ತೂಕದ ಸುತ್ತಿಗೆ 38 ಸೆಂಟಿಮೀಟರ್ ಎತ್ತರದಿಂದ 15 ಸಲ ಬೀಳುತ್ತದೆ. ಆಮೇಲೆ ಆ ಕಲ್ಲನ್ನು 2.36 ಎಂಎಂ ಜರಡಿಯಲ್ಲಿ ಜಾಲಿಸುತ್ತಾರೆ. ಕೆಳಗೆ ಬಿದ್ದ ಪುಡಿ ಮೊದಲಿನ ತೂಕದಲ್ಲಿ ಶೇಕಡಾ ಎಷ್ಟು ಎಂಬುದೇ ಇಂಪ್ಯಾಕ್ಟ್ ವ್ಯಾಲ್ಯೂ. ಅಂಕಿ ಕಡಿಮೆ ಇದ್ದಷ್ಟೂ ಕಲ್ಲು ಗಟ್ಟಿ. ಪುಡಿಯನ್ನೂ ಮೇಲೆ ಉಳಿದದ್ದನ್ನೂ ಕೂಡಿಸಿದರೆ ಮೊದಲಿನ ತೂಕ ಬರಬೇಕು. ಒಂದು ಗ್ರಾಮಿಗಿಂತ ಜಾಸ್ತಿ ಕಳೆದುಹೋಗಿದ್ದರೆ ಆ ಟೆಸ್ಟನ್ನು ಬಿಟ್ಟು ಮತ್ತೆ ಮಾಡಬೇಕು.

ಕೇಂದ್ರ ಹೆದ್ದಾರಿ ಸಚಿವಾಲಯದ 2013ರ ಸ್ಪೆಸಿಫಿಕೇಶನ್, ಅಂದರೆ ಇಂಜಿನಿಯರುಗಳು "ಮಾರ್ತ್" ಎನ್ನುವ ಪುಸ್ತಕ, ರಸ್ತೆಯ ಒಂದೊಂದು ಪದರಕ್ಕೂ ಒಂದೊಂದು ಮಿತಿ ಹಾಕಿದೆ. ಎಲ್ಲಕ್ಕಿಂತ ಕೆಳಗಿನ ಜಿಎಸ್‌ಬಿ ಪದರಕ್ಕೆ ಇಂಪ್ಯಾಕ್ಟ್ 40ರವರೆಗೆ ನಡೆಯುತ್ತದೆ. ಅದರ ಮೇಲೆ ಬರುವ ವೆಟ್ ಮಿಕ್ಸಿಗೆ 30. ಡಾಂಬರಿನ ಮೊದಲ ದಪ್ಪ ಪದರ ಡಿಬಿಎಂಗೆ 27. ಚಕ್ರ ಉರುಳುವ ಮೇಲಿನ ಬಿಸಿ ಪದರಕ್ಕೆ 24. ಮೇಲೆ ಹೋದಷ್ಟೂ ಮಿತಿ ಬಿಗಿ. ಹಾಗಾಗಿ "ರಸ್ತೆಗೆ ಆಗುತ್ತಾ?" ಎಂದು ಯಾರಾದರೂ ಕೇಳಿದರೆ, "ಯಾವ ಪದರಕ್ಕೆ?" ಎಂದು ನೀವು ತಿರುಗಿ ಕೇಳಬೇಕು.

ಹೋದ ಸಲ ಬಂದಾಗ ಮೇಲಿನ ಮತ್ತು ನಡುವಿನ ಬೆಂಚಿನಿಂದ ಒಂದೊಂದು ಚೀಲ ಕಲ್ಲು ಒಯ್ದಿದ್ದೆ. ಕೈಯಲ್ಲೇ ಒಡೆದು, ಜರಡಿ ಹಿಡಿದು, ಇಂಪ್ಯಾಕ್ಟ್ ನೋಡಿದೆವು. ಬೂದು ಕಲ್ಲು ಬಟ್ಟಲಿಗೆ 350 ಗ್ರಾಂ ಹಿಡಿಯಿತು, ಪುಡಿ 74 ಗ್ರಾಂ. ಅಂದರೆ 21. ಕಂದು ಕಲ್ಲು 340 ಗ್ರಾಂ ಹಿಡಿಯಿತು, ಪುಡಿ 122 ಗ್ರಾಂ. ಅಂದರೆ 36. ಇದು ಬರೀ ಅಂದಾಜಿಗೆ ಮಾಡಿದ್ದು. ಕೈಯಲ್ಲಿ ಒಡೆದ ಕಲ್ಲಿನ ಆಕಾರ ಬೇರೆ, ಕ್ರಷರಿನ ಜೆಲ್ಲಿಯ ಆಕಾರ ಬೇರೆ. ಈ ಕಾಗದವನ್ನು ಯಾರಿಗೂ ಸರ್ಟಿಫಿಕೇಟ್ ಎಂದು ತೋರಿಸಬೇಡಿ. ಆದರೆ ಎರಡು ಬೆಂಚಿನ ನಡುವೆ ಎಷ್ಟು ಅಂತರ ಇದೆ ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ಈಗ ನಿಮ್ಮ ಮೇಸ್ತ್ರಿ ಮಾಡುತ್ತಿರುವ ಲೆಕ್ಕಕ್ಕೆ ಬರೋಣ. ಎರಡು ಟಿಪ್ಪರ್ ಬೂದು ಕಲ್ಲಿಗೆ ಒಂದು ಟಿಪ್ಪರ್ ಕಂದು ಕಲ್ಲು ಹಾಪರಿಗೆ ಹಾಕಿಸುತ್ತಾರೆ. "ಕಂದು ಕಲ್ಲು ಹಾಳಾಗಬಾರದಲ್ವಾ ಸಾರ್" ಎಂದು ನನಗೇ ಹೇಳಿದರು. 21, 21, 36 ಕೂಡಿಸಿ ಮೂರರಿಂದ ಭಾಗಿಸಿ. 26 ಬರುತ್ತದೆ. ಮಿಶ್ರಣ ಕರಾರುವಾಕ್ಕಾಗಿ ಈ ಲೆಕ್ಕದಂತೆಯೇ ನಡೆಯುತ್ತದೆ ಎಂದಲ್ಲ, ಆದರೆ ಅದರ ಹತ್ತಿರವೇ ಇರುತ್ತದೆ. ಡಿಬಿಎಂ ಮಿತಿ 27. ರಾಶಿಯಿಂದ ಸ್ಯಾಂಪಲ್ ಕೊಟ್ಟರೆ ಪಾಸ್. ಮಾರನೇ ದಿನ ನಡುವಿನ ಬೆಂಚಿನಲ್ಲಿ ಹಿಟಾಚಿ ಕೆಟ್ಟು, ಒಂದಕ್ಕೊಂದು ಲೆಕ್ಕದಲ್ಲಿ ಕಲ್ಲು ಬಂತು ಎನ್ನಿ. ಆಗ 28.5. ಫೇಲ್. ಕ್ವಾರಿ ಅದೇ, ಕ್ರಷರ್ ಅದೇ, ಆ ದಿನ ಯಾವ ಟಿಪ್ಪರ್ ಎಷ್ಟು ಸಲ ಓಡಿತು ಎಂಬುದರ ಮೇಲೆ ನಿಮ್ಮ ಮಾಲು ಪಾಸೋ ಫೇಲೋ ಆಗುತ್ತದೆ. ಇಂಥ ಸ್ಥಿತಿಯಲ್ಲಿ ನೀವು ವ್ಯಾಪಾರ ಒಪ್ಪಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಪಾಸಾದ 26ರಲ್ಲೂ ಒಂದು ಮೋಸ ಅಡಗಿದೆ. ಸರಾಸರಿ 26 ಎಂದರೆ ಪ್ರತಿ ಜೆಲ್ಲಿಯೂ 26 ಎಂದಲ್ಲ. ಮೂರರಲ್ಲಿ ಒಂದು ಜೆಲ್ಲಿ 36ರದ್ದೇ. ಡಾಂಬರು ಪ್ಲಾಂಟಿನಲ್ಲಿ ಎಲ್ಲ ಜೆಲ್ಲಿಗೂ ಚೆನ್ನಾಗಿಯೇ ಡಾಂಬರು ಹತ್ತುತ್ತದೆ. ರಸ್ತೆಯಲ್ಲಿ ಹರಡಿದ ಮೇಲೆ ವೈಬ್ರೇಟರ್ ರೋಲರ್ ಓಡುವಾಗ ಈ ಮೆತ್ತಗಿನ ಜೆಲ್ಲಿ ಒಡೆಯುತ್ತದೆ. ಒಡೆದ ಜಾಗಕ್ಕೆ ಡಾಂಬರಿನ ಲೇಪ ಇಲ್ಲ, ಬರೀ ಕಲ್ಲು. ಹೊಸ ರಸ್ತೆಯ ಮೇಲೆ ಅಲ್ಲಲ್ಲಿ ಬಿಳಿ ಅಥವಾ ಕಂದು ಚುಕ್ಕೆಗಳು ಕಾಣುತ್ತವಲ್ಲ, ಹಲವು ಸಲ ಅದು ಇದೇ. ಮೊದಲ ಮಳೆಗೆ ನೀರು ಅಲ್ಲಿಂದ ಒಳಗೆ ಇಳಿಯುತ್ತದೆ. ಜೇಡಿಯಾಗಿರುವ ಫೆಲ್ಡ್‌ಸ್ಪಾರ್ ನೀರು ಕುಡಿಯುತ್ತದೆ. ಲಾರಿ ಹಾದಂತೆಲ್ಲ ಒಂದೊಂದೇ ಕಲ್ಲು ಕಿತ್ತು ಬರುತ್ತದೆ. ಅಲ್ಲಿಗೆ ಗುಂಡಿ ಶುರು. ಆಗ ಕಂಟ್ರಾಕ್ಟರ್ ರಸ್ತೆಯ ತುಂಡು ಕೊಯ್ದು ಲ್ಯಾಬಿಗೆ ಕಳಿಸುತ್ತಾರೆ. ಡಾಂಬರು ಕರಗಿಸಿ ಜೆಲ್ಲಿ ಬೇರ್ಪಡಿಸಿದರೆ ಸೈಜು ಮಿಕ್ಸ್ ಡಿಸೈನಿನಂತೆ ಇರುವುದಿಲ್ಲ, ಪುಡಿ ಜಾಸ್ತಿ ಇರುತ್ತದೆ. ಆ ತಕರಾರು ಕೊನೆಗೆ ಬರುವುದು ನಿಮ್ಮ ಬಾಗಿಲಿಗೆ.

ಇಂಪ್ಯಾಕ್ಟ್ ಒಂದೇ ಸಾಕೇ? ವೆಟ್ ಮಿಕ್ಸಿನ ಮತ್ತು ಡಾಂಬರು ಪದರಗಳ ವಿಷಯದಲ್ಲಿ ಪುಸ್ತಕ ಹೇಳುವುದು, ಇಂಪ್ಯಾಕ್ಟ್ ಅಥವಾ ಲಾಸ್ ಏಂಜಲಿಸ್, ಎರಡರಲ್ಲಿ ಒಂದು. ನಿಮ್ಮ ಕಲ್ಲಿಗೆ ಎರಡೂ ಮಾಡಿಸಿ ಎಂಬುದು ನನ್ನ ಮಾತು. ಲಾಸ್ ಏಂಜಲಿಸ್ ಟೆಸ್ಟಿನಲ್ಲಿ 20 ಎಂಎಂ ಒಳಗಿನ ಜೆಲ್ಲಿ 5 ಕಿಲೋ, ಜೊತೆಗೆ 11 ಉಕ್ಕಿನ ಗುಂಡು, ಎರಡನ್ನೂ ಡ್ರಮ್ಮಿಗೆ ಹಾಕಿ 500 ಸುತ್ತು ತಿರುಗಿಸುತ್ತಾರೆ. 1.7 ಎಂಎಂ ಜರಡಿಯಲ್ಲಿ ಇಳಿದದ್ದು ಸವೆತದ ಲೆಕ್ಕ. ಮೇಲಿನ ಡಾಂಬರು ಪದರಕ್ಕೆ ಮಿತಿ 30, ಡಿಬಿಎಂಗೆ 35, ವೆಟ್ ಮಿಕ್ಸಿಗೆ 40. ದಪ್ಪ ಕಣದ ಗ್ರಾನೈಟ್, ನೈಸ್ ಕಲ್ಲುಗಳು ಹೊಡೆತದ ಟೆಸ್ಟಿನಲ್ಲಿ ಸಲೀಸಾಗಿ ಪಾಸಾಗಿ, ಈ ಡ್ರಮ್ಮಿನಲ್ಲಿ ಸೋಲುವುದುಂಟು. ದಪ್ಪ ಕಣಗಳು ಅಂಚಿನಿಂದ ಒಂದೊಂದಾಗಿ ಉದುರುತ್ತವೆ, ಅದಕ್ಕೆ. ನಿಮ್ಮ ನಡುವಿನ ಬೆಂಚಿನಲ್ಲಿ ಹೆಬ್ಬೆಟ್ಟಿನ ಉಗುರಿನಷ್ಟು ದೊಡ್ಡ ಫೆಲ್ಡ್‌ಸ್ಪಾರ್ ಹರಳುಗಳನ್ನು ಕೆಲವು ಕಡೆ ನೋಡಿದ್ದೇನೆ. ಅಂಥ ಜಾಗದ ಕಲ್ಲಿಗೆ ಎರಡೂ ಟೆಸ್ಟ್ ಬೇಕೇ ಬೇಕು.

ಎಲ್ಲಕ್ಕಿಂತ ಅಗ್ಗದ ಟೆಸ್ಟ್ ನೀರಿನದು. ಜೆಲ್ಲಿಯನ್ನು ಒಂದು ದಿನ ನೀರಲ್ಲಿ ನೆನೆಸಿ, ಮೇಲಿನ ತೇವವನ್ನು ಬಟ್ಟೆಯಲ್ಲಿ ಒರೆಸಿ ತೂಗಿ, ಆಮೇಲೆ ಓವನ್ನಿನಲ್ಲಿ ಒಂದು ದಿನ ಒಣಗಿಸಿ ತೂಗುವುದು. ಒಣಗಿದಾಗ 2000 ಗ್ರಾಂ, ನೆಂದಾಗ 2010 ಗ್ರಾಂ ಇದ್ದರೆ ಅರ್ಧ ಪರ್ಸೆಂಟ್ ನೀರು ಕುಡಿದಿದೆ. ಡಾಂಬರು ಪದರಗಳಿಗೆ ಮಿತಿ 2 ಪರ್ಸೆಂಟ್. ಆದರೆ ನೈಸ್ ಕಲ್ಲಿಗೆ ಆ ಮಿತಿ ಬಹಳ ಸಡಿಲ. ಹಾಳಾಗದ ನೈಸ್ ಸಾಮಾನ್ಯವಾಗಿ 1 ಪರ್ಸೆಂಟ್ ಕೂಡ ಕುಡಿಯುವುದಿಲ್ಲ. ಆದ್ದರಿಂದ 1 ದಾಟಿದರೆ, ಪುಸ್ತಕದಲ್ಲಿ ಪಾಸಾಗಿದ್ದರೂ, ಕಲ್ಲು ಒಳಗೆ ಸಡಿಲವಾಗಿದೆ ಎಂದೇ ನಾನು ಹಿಡಿಯುತ್ತೇನೆ. ಒಂದು ತಕ್ಕಡಿ, ಒಂದು ಓವನ್ ಇದ್ದರೆ ನಿಮ್ಮ ಸೈಟ್ ಆಫೀಸಿನಲ್ಲೇ ಇದನ್ನು ಮಾಡಬಹುದು.

ಸ್ಯಾಂಪಲ್ ತೆಗೆಯುವ ಕೆಲಸ ಎಲ್ಲ ಕಡೆ ಕೆಡುತ್ತದೆ. ಲ್ಯಾಬಿನವರು ಚೀಲದಲ್ಲಿ ಬಂದದ್ದನ್ನು ಟೆಸ್ಟ್ ಮಾಡುತ್ತಾರೆ, ಚೀಲಕ್ಕೆ ಏನು ತುಂಬಿದಿರಿ ಎಂದು ಕೇಳುವುದಿಲ್ಲ. ಸಾಮಾನ್ಯವಾಗಿ ಹುಡುಗನೊಬ್ಬ ರಾಶಿಯ ಬುಡದಿಂದ ನಾಲ್ಕು ಬುಟ್ಟಿ ತುಂಬುತ್ತಾನೆ. ರಾಶಿ ಸುರಿಯುವಾಗ ದಪ್ಪ ಕಲ್ಲು ಉರುಳಿ ಬುಡಕ್ಕೆ ಬರುತ್ತದೆ, ಸಣ್ಣದು ಮತ್ತು ಪುಡಿ ಮೇಲೆಯೇ ನಿಲ್ಲುತ್ತದೆ. ಬುಡದ ಜೆಲ್ಲಿ ರಾಶಿಯ ಕಥೆ ಹೇಳುವುದಿಲ್ಲ. ಇದಕ್ಕಿಂತ ಕೆಟ್ಟದ್ದೂ ಇದೆ, ಒಳ್ಳೆಯ ಬೂದು ಕಲ್ಲು ಆರಿಸಿ ಕಳಿಸುವುದು. ಅದು ನಿಮಗೆ ನೀವೇ ಸುಳ್ಳು ಹೇಳಿಕೊಂಡ ಹಾಗೆ.

ಸರಿಯಾದ ದಾರಿ ಸ್ವಲ್ಪ ತ್ರಾಸಿನದು. ಒಂದು ಬೆಂಚಿನ ಬ್ಲಾಸ್ಟ್ ಆದ ಮೇಲೆ ಬೇರೆ ಕಲ್ಲು ನಿಲ್ಲಿಸಿ, ಆ ಬೆಂಚಿನ ಕಲ್ಲನ್ನು ಮಾತ್ರ ಅರ್ಧ ಗಂಟೆ ಕ್ರಷರಿನಲ್ಲಿ ಓಡಿಸಿ. ಯಂತ್ರದಲ್ಲಿ ಉಳಿದ ಹಳೆಯ ಕಲ್ಲು ಪೂರ್ತಿ ಹೊರಹೋಗಲಿ. ಆಮೇಲೆ ಬೆಲ್ಟ್ ನಿಲ್ಲಿಸಿ. ಸ್ವಿಚ್ಚಿಗೆ ಬೀಗ ಹಾಕಿಸಿಯೇ ಯಾರನ್ನಾದರೂ ಹತ್ತಿರ ಬಿಡಿ. ಬೆಲ್ಟಿನ ಅಡ್ಡಕ್ಕೆ ಒಂದು ಪಟ್ಟಿಯಷ್ಟು ಜೆಲ್ಲಿಯನ್ನು ಪುಡಿ ಸಮೇತ ಬಳಿದು ತೆಗೆಯಿರಿ. ಮತ್ತೆ ಓಡಿಸಿ, ಮತ್ತೆ ನಿಲ್ಲಿಸಿ, ಹೀಗೆ ಮೂರು ನಾಲ್ಕು ಸಲ. ಒಟ್ಟು ಗುಡ್ಡೆ ಮಾಡಿ, ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದು ಬಿಡಿ. ಒಂದು ಸೈಜಿಗೆ 50 ಕಿಲೋ ಇದ್ದರೆ ಎಲ್ಲ ಟೆಸ್ಟಿಗೂ ಸಾಕು. ಚೀಲದ ಒಳಗೊಂದು, ಹೊರಗೊಂದು ಚೀಟಿ ಹಾಕಿ. ಬೆಂಚು, ಬ್ಲಾಸ್ಟ್ ತಾರೀಖು, ಜೆಲ್ಲಿ ಸೈಜು ಬರೆಯಿರಿ. ಲ್ಯಾಬ್ ಎನ್‌ಎಬಿಎಲ್ ಮಾನ್ಯತೆ ಪಡೆದದ್ದಾಗಿರಲಿ.

ಅದೇ ಚೀಲದಿಂದ ಆಕಾರದ ಟೆಸ್ಟೂ ಮಾಡಿಸಿ. ನೈಸ್ ಪಟ್ಟೆಪಟ್ಟೆಯ ಕಲ್ಲು, ಕ್ರಷರಿನಲ್ಲಿ ಪಟ್ಟೆಯ ಜಾಡಿನಲ್ಲೇ ಒಡೆದು ಚಪ್ಪಟೆ ಚಕ್ಕೆಗಳಾಗುತ್ತದೆ. ಚಪ್ಪಟೆ ಮತ್ತು ಉದ್ದ ಜೆಲ್ಲಿ ಎರಡೂ ಸೇರಿ 35 ಪರ್ಸೆಂಟ್ ದಾಟಬಾರದು. ಚಕ್ಕೆ ಜಾಸ್ತಿಯಾದರೆ ಇಂಪ್ಯಾಕ್ಟ್ ಅಂಕಿಯೂ ಏರುತ್ತದೆ. ಆಗ ಕಲ್ಲು ಚೆನ್ನಾಗಿದ್ದರೂ ಫೇಲ್ ಆಗಬಹುದು. ಅಂಥಲ್ಲಿ ಬೆಂಚನ್ನು ಬೈಯುವ ಮೊದಲು ಕೋನ್ ಕ್ರಷರ್ ಅರೆಹೊಟ್ಟೆಯಲ್ಲಿ ಓಡುತ್ತಿದೆಯೇ ನೋಡಿ. ಅದಕ್ಕೆ ತುಂಬಾ ಕಲ್ಲು ಕೊಟ್ಟು ಓಡಿಸಿದರೆ ಕಲ್ಲು ಕಲ್ಲಿಗೆ ಉಜ್ಜಿ ಆಕಾರ ಸುಧಾರಿಸುತ್ತದೆ.

ಲ್ಯಾಬಿಗೆ ಕಳಿಸುವ ನಡುವಿನ ದಿನಗಳಲ್ಲಿ ನಂಬಬಹುದಾದ ಒಬ್ಬರು ನಿಮ್ಮಲ್ಲೇ ಇದ್ದಾರೆ. ನಿಮ್ಮ ಡ್ರಿಲ್ಲರ್. ತೂತು ಕೊರೆಯುವಾಗ ರಾಡು ಎಲ್ಲಿ ಸರ್ರನೆ ಇಳಿಯಿತು, ದೂಳು ಎಲ್ಲಿ ಬಿಳಿ ಬೂದು ಹೋಗಿ ಕಂದಾಯಿತು, ಇವೆಲ್ಲ ಅವರಿಗೆ ಗೊತ್ತು. ಯಾರೂ ಕೇಳುವುದಿಲ್ಲ, ಅಷ್ಟೇ. ಒಂದು ನೋಟ್‌ಬುಕ್ ಕೊಡಿ. ತೂತಿನ ನಂಬರ್, ಎಷ್ಟು ಅಡಿಗೆ ಬಣ್ಣ ಬದಲಾಯಿತು, ಇಷ್ಟು ಬರೆದರೆ ಸಾಕು. ಬ್ಲಾಸ್ಟ್ ಆದ ಮೇಲೆ ಮೇಸ್ತ್ರಿ ಒಂದು ಸುತ್ತಿಗೆ, ಒಂದು ಮೊಳೆ, ಒಂದು ಬಾಟಲಿ ನೀರು ಹಿಡಿದು ಹೋಗಲಿ. ಗಟ್ಟಿ ಕಲ್ಲಿಗೆ ಹೊಡೆದರೆ ಠಣ್ ಎನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಹಾಳಾದದ್ದು ದಬ್ ಎನ್ನುತ್ತದೆ. ಮೊಳೆಯಲ್ಲಿ ಗೀರಿದಾಗ ಫೆಲ್ಡ್‌ಸ್ಪಾರ್ ಹಿಟ್ಟಾಗಿ ಉದುರಿದರೆ ಅದು ಜೇಡಿಯಾಗುತ್ತಿದೆ. ಒಡೆದ ಹೊಸ ಮುಖದ ಮೇಲೆ ಹಾಕಿದ ನೀರಿನ ಹನಿ ಹಾಗೇ ನಿಲ್ಲಬೇಕು. ಇಂಗಿದರೆ ಆ ಕಲ್ಲು ಬೇರೆ ರಾಶಿಗೆ. ಇದು ಲ್ಯಾಬ್ ಟೆಸ್ಟಿನ ಬದಲಿಗೆ ಮಾಡುವುದಲ್ಲ. ಯಾವ ಕಲ್ಲು ಯಾವ ರಾಶಿಗೆ ಎಂದು ಅಲ್ಲೇ ನಿಂತು ತೀರ್ಮಾನಿಸಲು.

ಹಾಗಾದರೆ ಕಂದು ಕಲ್ಲನ್ನು ಏನು ಮಾಡುವುದು? ಎಸೆಯಬೇಕಿಲ್ಲ. 36 ಎಂಬ ಅಂದಾಜು ಲ್ಯಾಬಿನಲ್ಲೂ ನಿಂತರೆ ಅದು ಜಿಎಸ್‌ಬಿ ಮಿತಿಯಾದ 40ರ ಒಳಗಿದೆ. ಜೇಡಿ ಇರುವುದರಿಂದ ಪುಡಿಯ ಅಂಟುಗುಣವನ್ನೂ ನೋಡಬೇಕು. ಪ್ಲಾಸ್ಟಿಸಿಟಿ ಇಂಡೆಕ್ಸ್ 6 ದಾಟಬಾರದು. ಪಾಸಾದರೆ ಜಿಎಸ್‌ಬಿ ಎಂದೇ ಬಿಲ್ಲಿನಲ್ಲಿ ಬರೆದು ಮಾರಿ. ರೇಟು ಕಡಿಮೆ ಸಿಗುತ್ತದೆ ನಿಜ. ಆದರೆ ಅದು ಹೋದಾಗ ನಡುವಿನ ಬೆಂಚಿನ 21ರ ಕಲ್ಲು ಶುದ್ಧವಾಗಿ ಉಳಿಯುತ್ತದೆ. ಲಾಸ್ ಏಂಜಲಿಸ್‌ನಲ್ಲೂ ಸರಿ ಬಂದರೆ ಮೇಲಿನ ಡಾಂಬರು ಪದರಕ್ಕೇ ಅದು ಹೋಗಬಹುದು. ನಿಮಗೆ ಒಳ್ಳೆಯ ಬೆಲೆ ಬರುವುದು ಅಲ್ಲಿ. ಮೇಸ್ತ್ರಿಯ ಮಿಶ್ರಣ 26ಕ್ಕೆ ನಿಂತು ಆ 24ರ ಗಿರಾಕಿಯನ್ನೇ ಕಳೆಯುತ್ತಿದೆ, ಗಮನಿಸಿದಿರಾ?

ಕೆಳಗಿನ ಬೆಂಚಿನ ಕಾಗೆಬಂಗಾರದ ಪಟ್ಟಿಯನ್ನು ರಸ್ತೆಯ ಯಾವ ಪದರಕ್ಕೂ ಕೊಡಬೇಡಿ, ಎಂ-ಸ್ಯಾಂಡಿಗಂತೂ ಬೇಡವೇ ಬೇಡ. ಡಾಲರೈಟ್ ಗಟ್ಟಿ ಕಲ್ಲು, ಆದರೆ ಅದಕ್ಕೂ ಬೇರೆ ರಾಶಿ ಬೇಕು. ನೈಸ್‌ಗಿಂತ ಅದು ಭಾರ, ಸಾಪೇಕ್ಷ ಸಾಂದ್ರತೆ 3ರ ಹತ್ತಿರ. ನಿಮ್ಮ ನೈಸ್ 2.65ರ ಆಸುಪಾಸು. ಡಾಂಬರು ಪ್ಲಾಂಟಿನವರು ಜೆಲ್ಲಿಯನ್ನು ತೂಕದಲ್ಲಿ ಹಾಕುತ್ತಾರೆ. ನಡುವೆ ಕಲ್ಲು ಬದಲಾದರೆ ಅವರ ಮಿಕ್ಸ್ ಡಿಸೈನ್ ಪೂರ್ತಿ ಏರುಪೇರು.

ಇನ್ನೊಂದು ಮಾತು, ಇದು ಶಕ್ತಿಗೆ ಸಂಬಂಧಿಸಿದ್ದಲ್ಲ. ಬೆಣಚು ಜಾಸ್ತಿ ಇರುವ ನೈಸ್ ಕಲ್ಲಿಗೆ ಡಾಂಬರು ಅಷ್ಟು ಚೆನ್ನಾಗಿ ಅಂಟುವುದಿಲ್ಲ, ನೀರು ತಾಗಿದರೆ ಬಿಟ್ಟುಕೊಳ್ಳುತ್ತದೆ. ಸ್ಟ್ರಿಪ್ಪಿಂಗ್ ಟೆಸ್ಟಿನಲ್ಲಿ 95 ಪರ್ಸೆಂಟ್ ಲೇಪ ಉಳಿಯಬೇಕು. ಉಳಿಯದಿದ್ದರೆ ಅಂಟಿಸುವ ಕೆಮಿಕಲ್ ಅಥವಾ ಸುಣ್ಣ ಸೇರಿಸುವುದು ಪ್ಲಾಂಟಿನವರ ಕೆಲಸ. ಆದರೆ ನಿಮ್ಮ ರಿಪೋರ್ಟಿನಲ್ಲಿ ಆ ಅಂಕಿ ಇದ್ದರೆ ಆಮೇಲೆ ನಿಮ್ಮ ಮೇಲೆ ಮಾತು ಬರುವುದಿಲ್ಲ.

ಒಮ್ಮೆ ಟೆಸ್ಟ್ ಆಯಿತು ಎಂದು ಆ ಕಾಗದವನ್ನು ಫ್ರೇಮ್ ಹಾಕಿಸಬೇಡಿ. ಬೆಂಚು ಗುಡ್ಡದ ಒಳಗೆ ಸರಿದಂತೆ ಕಲ್ಲೂ ಬದಲಾಗುತ್ತದೆ. ಬಣ್ಣ ಬದಲಾದಾಗ, ಹೊಸ ಬಿರುಕಿನ ಸಾಲು ಸಿಕ್ಕಾಗ, ಡ್ರಿಲ್ಲರ್ ನೋಟ್‌ಬುಕ್ಕಿನಲ್ಲಿ ಕಂದು ದೂಳು ಕಂಡಾಗ ಮತ್ತೆ ಮಾಡಿಸಬೇಕು. ಇಂಪ್ಯಾಕ್ಟ್ ಯಂತ್ರ ಒಂದನ್ನು ನೀವೇ ಕೊಂಡರೆ ಇನ್ನೂ ಒಳ್ಳೆಯದು. ಟಿಪ್ಪರ್‌ಗೆ ಒಂದು ಜೊತೆ ಹೊಸ ಟೈರ್ ಹಾಕಿಸುವಷ್ಟೂ ಖರ್ಚಾಗುವುದಿಲ್ಲ. ಡಿಪ್ಲೊಮಾ ಮಾಡಿದ ಹುಡುಗನಿಗೆ ಒಂದು ದಿನದಲ್ಲಿ ನಾನು ಕಲಿಸಿಕೊಡುತ್ತೇನೆ.

ಮುಂದಿನ ಬ್ಲಾಸ್ಟ್ ನಡುವಿನ ಬೆಂಚಿನಲ್ಲಿ ಎಂದು ಕೇಳಿದೆ. ಅದಕ್ಕೆ ಮೊದಲು ನನಗೆ ಒಂದು ಫೋನ್ ಮಾಡಿ. ಬಣ್ಣದ ಡಬ್ಬಿ ತಂದು ಕ್ವಾರಿಯ ಮುಖದ ಮೇಲೆ ಕಂದು ಕಲ್ಲಿನ ಗೆರೆ ಎಲ್ಲಿಯವರೆಗೆ ಇದೆ ಎಂದು ಗುರುತು ಹಾಕಿಕೊಡುತ್ತೇನೆ. ಗೆರೆಯ ಮೇಲಿನದು ಒಂದು ರಾಶಿ, ಕೆಳಗಿನದು ಇನ್ನೊಂದು. ಕಂಟ್ರಾಕ್ಟರ್ ಕಡೆಯವರು ಅವಸರ ಮಾಡಿದರೆ, ರಿಪೋರ್ಟ್ ಬಂದ ಮೇಲೆಯೇ ರೇಟು ಮಾತಾಡೋಣ ಎಂದು ಹೇಳಿ. ಈಗ ಅಂಗಳದಲ್ಲಿರುವ ಮಿಶ್ರ ರಾಶಿಯನ್ನು ಸದ್ಯಕ್ಕೆ ಹಾಗೇ ಬಿಡಿ. ಅದರ ಸ್ಯಾಂಪಲನ್ನೂ ತೆಗೆಸಿ ನೋಡಿ, ವೆಟ್ ಮಿಕ್ಸಿಗೆ ಹೋಗುತ್ತೋ ಜಿಎಸ್‌ಬಿಗೆ ಹೋಗುತ್ತೋ ಎಂದು ಆಮೇಲೆ ತೀರ್ಮಾನಿಸೋಣ.

ಇಂತಿ,
ನಿಮ್ಮ ಕ್ವಾರಿಯ ಭೂವಿಜ್ಞಾನಿ